ಹೆಸರು ಹೇಳುವ ಮುನ್ನ

‘ಅಣ್ಣಾ, ಐಟಿಐ ಫಿಟ್ಟರ್ ಮುಗಿಸೇನಿ. ಜೇಜುರಿ ಎಂಐಡಿಸಿಯೊಳಗ ಕೆಲಸ ಐತೇನ್ರಿ?’ ಎಂದು ವಿಜಯಪುರದ ಕಡೆಯ ಹುಡುಗ ಕೇಳಿದಾಗ, ‘ನನಗ ಎಲ್ಲಾರೂ ಗೊತ್ತು, ಬಂದುಬಿಡು’ ಎನ್ನಬೇಡಿ. ಆ ಮಾತು ನಂಬಿ ಅವನು ಸಾಲ ಮಾಡಿ ರೈಲು ಹತ್ತುತ್ತಾನೆ.

ಅವನಿಗೆ ಬೇಕಾದದ್ದು ನಿಮ್ಮ ವರ್ಚಸ್ಸಲ್ಲ, ವಿವರ. ಕೆಲಸಕ್ಕೆ ತೆಗೆದುಕೊಳ್ಳುವವರು ಕಂಪನಿಯವರೋ ಕಾಂಟ್ರಾಕ್ಟರೋ, ಅಪ್ರೆಂಟಿಸ್ ಜಾಗವೋ ಕಾಯಂ ಕೆಲಸವೋ, ಪಿಎಫ್ ಮತ್ತು ಇಎಸ್‌ಐ ಹಿಡಿದ ಮೇಲೆ ಕೈಗೆಷ್ಟು, ರೂಮಿನ ಬಾಡಿಗೆಗೆಷ್ಟು ಹೋಗುತ್ತದೆ ಎಂಬುದನ್ನು ಹೇಳಿ. ಅದು ನಿಮಗೆ ಹೇಗೆ ಗೊತ್ತಾಯಿತೆಂಬುದನ್ನೂ ಸೇರಿಸಿ. ಅದೇ ಶಾಪ್‌ನಲ್ಲಿ ದುಡಿಯುವವನ ಮಾತಿಗೂ ಗೇಟಿನ ಬೋರ್ಡು ಓದಿ ಬಂದವನ ಮಾತಿಗೂ ತೂಕ ಬೇರೆ.

ಹೆಸರು ಸೂಚಿಸುವುದಾದರೆ ಸೂಪರ್‌ವೈಸರ್‌ಗೆ ನೀವು ಕಂಡಷ್ಟನ್ನೇ ಹೇಳಿ: ‘ಈ ಹುಡುಗನ ಸರ್ಟಿಫಿಕೇಟ್ ನೋಡಿದ್ದೇನೆ, ಕೆಲಸ ನೋಡಿಲ್ಲ. ವರ್ನಿಯರ್ ಕೊಟ್ಟು ನೀವೇ ಪರೀಕ್ಷಿಸಿ.’ ಇಷ್ಟು ನೇರವಾಗಿ ಹೇಳಿದವರ ಮುಂದಿನ ಶಿಫಾರಸಿಗೂ ಬೆಲೆ ಇರುತ್ತದೆ. ಹುಡುಗನಿಗೂ ‘ಹೆಸರು ಕೊಟ್ಟಿದ್ದೇನೆ, ತೀರ್ಮಾನ ಅವರದು’ ಎಂದು ತಿಳಿಸಿ. ನೀವು ಎಷ್ಟು ಜನರನ್ನು ಸೇರಿಸಿದ್ದೀರಿ ಎಂಬ ಲೆಕ್ಕ ಅವನಿಗೆ ಬೇಡ.

ಕೆಲಸಕ್ಕೆಂದು ಯಾರಾದರೂ ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡ ಎಂದು ಮೊದಲೇ ಎಚ್ಚರಿಸಿ. ಮೂಲ ಸರ್ಟಿಫಿಕೇಟನ್ನೂ ಯಾರ ಕೈಗೂ ಬಿಟ್ಟುಕೊಡದಂತೆ ಹೇಳಿ.