ರಾತ್ರಿ ಒಳಚಿಲಕ ಹಾಕಬೇಡ ಎಂದು ಅಮ್ಮನಿಗೆ ಹೇಳು

ನೋಡಪ್ಪ, ಶಿವಮೊಗ್ಗದಲ್ಲಿ ನಿಮ್ಮಮ್ಮನಿಗೆ ಮಂಗಳವಾರದಿಂದ ಜ್ವರ, ಡಾಕ್ಟರು ಫ್ಲೂ ಎಂದಿದ್ದಾರೆ, ನಿನಗೆ ಬೆಂಗಳೂರು ಬಿಟ್ಟು ಹೊರಡಲು ಶನಿವಾರವಾಗಬೇಕು. ಪಕ್ಕದ ಮನೆಯವರಿದ್ದಾರೆ, ಎದುರುಮನೆ ಮೇಷ್ಟ್ರಿದ್ದಾರೆ, ಹುಬ್ಬಳ್ಳಿಯಿಂದ ಅಕ್ಕ ಫೋನ್ ಮಾಡುತ್ತಾಳೆ, ಎಲ್ಲರೂ ನೋಡಿಕೊಳ್ಳುತ್ತಾರೆ ಅಂದೆಯಲ್ಲ, ನನಗೆ ಭಯವಾಗಿದ್ದು ಆ ಮಾತಿಗೇ. ಬೆಳಿಗ್ಗೆ ಮೇಷ್ಟ್ರು ಹೋಗಿರುತ್ತಾರೆ ಎಂದು ಪಕ್ಕದ ಮನೆಯಾಕೆ ಅಂದುಕೊಳ್ಳುತ್ತಾರೆ, ಆಕೆ ಗಂಜಿ ಕೊಟ್ಟು ಬಂದಿರುತ್ತಾರೆ ಎಂದು ಮೇಷ್ಟ್ರು ಅಂದುಕೊಳ್ಳುತ್ತಾರೆ. ಸಂಜೆಯಾದರೂ ಯಾರೂ ಬಾಗಿಲು ತಟ್ಟಿರುವುದಿಲ್ಲ. ದಾದಿಯಾಗಿದ್ದ ಕಾಲದಲ್ಲಿ ಹೀಗೆ ತಡವಾಗಿ ಬಂದ ಅಜ್ಜಿಯರನ್ನು ಬಹಳ ನೋಡಿದ್ದೇನೆ. ಅವರಿಗೆ ಜನರ ಕೊರತೆ ಇರಲಿಲ್ಲ.

ಅದಕ್ಕೇ ಗಂಟೆ ಹಂಚಿಬಿಡು. ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯಾಕೆ, ಮಧ್ಯಾಹ್ನ ಒಂದಕ್ಕೆ ಅಕ್ಕನ ವಿಡಿಯೋ ಕರೆ, ಸಂಜೆ ಐದಕ್ಕೆ ಮೇಷ್ಟ್ರ ಮಗ, ರಾತ್ರಿ ಒಂಬತ್ತಕ್ಕೆ ನೀನು. ಮೇಷ್ಟ್ರಿಗೂ ವಯಸ್ಸಾಗಿದೆ, ಅವರು ಕೋಣೆಯೊಳಗೆ ಹೋಗದೆ ಕಿಟಕಿಯಿಂದ ಮಾತಾಡಿಸಿದರೆ ಸಾಕು. ಒಳಗೆ ಹೋಗುವವರು ಮಾಸ್ಕ್ ಹಾಕಲಿ, ಕಿಟಕಿ ತೆರೆದಿರಲಿ, ಬಂದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ನೋಡಿದ್ದನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆದರಾಯಿತು. ಫೋನ್ ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ, ಆಗಲೂ ಎತ್ತದಿದ್ದರೆ ಪಕ್ಕದ ಮನೆಯಾಕೆ ಕೀಲಿ ಹಿಡಿದು ಹೋಗಬೇಕು. ಮಲಗಿರಬಹುದು ಎಂದು ಯಾರೂ ಸುಮ್ಮನಾಗಬಾರದು.

ಕೀಲಿ ಕೊಟ್ಟಿದ್ದೇನೆ ಎನ್ನುತ್ತೀಯ. ನಿಮ್ಮಮ್ಮ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡರೆ ಆ ಕೀಲಿಯಿಂದ ಏನು ಪ್ರಯೋಜನ? ಬಚ್ಚಲಲ್ಲಿ ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ. ಕಳ್ಳರ ಭಯ ಅವರಿಗೆ ಇದ್ದೇ ಇರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಬೇಡ. ಹೊರಗಿನ ಗೇಟಿಗೆ ಬೀಗ ಹಾಕಿಸು, ಅದರ ಇನ್ನೊಂದು ಕೀಲಿಯೂ ಪಕ್ಕದ ಮನೆಯಲ್ಲಿರಲಿ, ಮುಂಬಾಗಿಲಿಗೆ ಹೊರಗಿನಿಂದ ತೆಗೆಯಬಹುದಾದ ಬೀಗ ಮಾತ್ರ ಇರಲಿ. ಇವತ್ತು ಸಂಜೆಯೇ, ಅವರು ಎಚ್ಚರವಿರುವಾಗ, ಪಕ್ಕದ ಮನೆಯಾಕೆ ಹೊರಗಿನಿಂದ ಒಮ್ಮೆ ತೆಗೆದು ನೋಡಲಿ.

ಇನ್ನು, ಹೇಗಿದ್ದೀಯಮ್ಮ ಎಂದು ಮಾತ್ರ ಕೇಳಬೇಡ. ಮಗನಿಗೆ ತೊಂದರೆಯಾಗುತ್ತದೆ ಎಂದು ಅವರು ಚೆನ್ನಾಗಿದ್ದೇನೆ ಅಂದೇ ಅನ್ನುತ್ತಾರೆ. ಬೆಳಿಗ್ಗೆ ಏನು ತಿಂದೆ, ಎಷ್ಟು ಬಿಟ್ಟೆ, ಬಾಟಲಿಯಲ್ಲಿ ನೀರೆಷ್ಟು ಉಳಿದಿದೆ, ಮೂತ್ರಕ್ಕೆ ಕೊನೆಗೆ ಹೋಗಿದ್ದು ಯಾವಾಗ, ಬಣ್ಣ ಹೇಗಿತ್ತು ಎಂದು ಕೇಳು. ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗಿದ್ದರೆ ಮೈಯಲ್ಲಿ ನೀರು ಸಾಲುತ್ತಿಲ್ಲ. ಹೃದಯಕ್ಕೋ ಕಿಡ್ನಿಗೋ ನೀರು ಕಡಿಮೆ ಕುಡಿಯಿರಿ ಎಂದು ಡಾಕ್ಟರು ಹೇಳಿಲ್ಲವಾದ್ದರಿಂದ, ಗಂಜಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರಿನಷ್ಟಾದರೂ ಒಳಗೆ ಹೋಗಲಿ. ಒಂದೇ ಸಲಕ್ಕೆ ಲೋಟ ತುಂಬಾ ಕೊಟ್ಟರೆ ಅವರು ಕುಡಿಯುವುದಿಲ್ಲ. ಗಂಟೆಗೊಮ್ಮೆ ನಾಲ್ಕು ಗುಟುಕು ಸಾಕು.

ಥರ್ಮಾಮೀಟರ್ ಒಂದನ್ನೇ ನಂಬಿಕೊಂಡು ಕೂರಬೇಡ. 76ರ ವಯಸ್ಸಿನಲ್ಲಿ ಸೋಂಕು ಜೋರಾಗಿದ್ದರೂ ಜ್ವರ ಏರದೇ ಇರಬಹುದು. ಅನೇಕ ಸಲ ಮೊದಲು ಕಾಣುವುದು ಗೊಂದಲ. ಮೇಷ್ಟ್ರ ಮಗನನ್ನು ಬೇರೆ ಯಾರದೋ ಹೆಸರಿನಲ್ಲಿ ಕರೆದರೆ, ಬೆಳಗ್ಗೆಯೋ ಸಂಜೆಯೋ ಎಂದು ತಿಳಿಯದಿದ್ದರೆ, ಎದ್ದು ನಿಲ್ಲಲಾರದೆ ಕುಸಿದರೆ, ವಯಸ್ಸಾಯಿತು ಪಾಪ ಎಂದು ಬಿಡಬಾರದು. ತಕ್ಷಣ 108ಕ್ಕೆ ಕರೆಯಬೇಕು.

ಮಾತ್ರೆಗಳ ವಿಷಯ. ಒಸೆಲ್ಟಾಮಿವಿರ್ ಅನ್ನು ಡಾಕ್ಟರು ಬುಧವಾರವೇ ಶುರು ಮಾಡಿದ್ದು ಒಳ್ಳೆಯದಾಯಿತು, ಎರಡು ದಿನದೊಳಗೆ ಶುರು ಮಾಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜ್ವರ ಬಿಟ್ಟರೂ ಐದು ದಿನವೂ ತೆಗೆದುಕೊಳ್ಳಲಿ, ಊಟದ ಜೊತೆಗಾದರೆ ವಾಕರಿಕೆ ಕಡಿಮೆ. ಮೈಕೈ ನೋವಿಗೆ ಪ್ಯಾರಸಿಟಮಾಲ್ 500 ಒಂದು, ಮುಂದಿನದು ಆರು ಗಂಟೆ ಬಿಟ್ಟು. ತೆಗೆದುಕೊಂಡ ಹೊತ್ತನ್ನು ಹಾಸಿಗೆಯ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪ್ರೀತಿಯಿಂದ ಯಾರಾದರೂ ಅಂಗಡಿಯಿಂದ ಶೀತದ ಮಾತ್ರೆ ತಂದುಕೊಟ್ಟರೆ ಬೇಡ ಅನ್ನು. ಅವುಗಳಲ್ಲಿ ಬಹಳಷ್ಟರಲ್ಲಿ ಪ್ಯಾರಸಿಟಮಾಲ್ ಇರುತ್ತದೆ, ಗೊತ್ತಿಲ್ಲದೆ ಎರಡು ಪಾಲು ಹೋಗುತ್ತದೆ. ಕೆಲವು ಬಿಪಿ ಏರಿಸುತ್ತವೆ, ಕೆಲವು ಮಂಪರು ತಂದು ರಾತ್ರಿ ಬೀಳಿಸುತ್ತವೆ. ಬಿಪಿ ಮಾತ್ರೆ ನುಂಗುವವರು ನೀರು ಕಡಿಮೆಯಾದ ಮೈಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಹಾಕಿದರೆ ಕಿಡ್ನಿಗೆ ಪೆಟ್ಟು.

ಎಲ್ಲಕ್ಕಿಂತ ಹೆಚ್ಚು ನೋಡಬೇಕಾದದ್ದು ಸಕ್ಕರೆ ಕಾಯಿಲೆಯ ಮಾತ್ರೆ. ನಿಮ್ಮಮ್ಮ ನುಂಗುವ ಗ್ಲಿಮಿಪಿರೈಡ್ ಊಟ ಮಾಡದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಮೈ ಬೆವರಿ, ಕೈ ನಡುಗಿ, ಮಾತು ತಡವರಿಸಿದಾಗ ಮನೆಯವರು ಫ್ಲೂ ಸುಸ್ತು ಎಂದೇ ಭಾವಿಸುತ್ತಾರೆ. ಬೆಳಿಗ್ಗೆ, ಸಂಜೆ ಗ್ಲೂಕೋಮೀಟರಿನಲ್ಲಿ ನೋಡಿ ಬರೆಯಲಿ. 70ಕ್ಕಿಂತ ಕೆಳಗೆ ಬಂದು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ. ಊಟ ಅರ್ಧಕ್ಕಿಂತ ಕಡಿಮೆಯಾದ ದಿನ ಯಾವ ಮಾತ್ರೆ ಎಷ್ಟು ಎಂದು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ ಬರೆದಿಡು, ನೀವಾಗಿಯೇ ನಿಲ್ಲಿಸಬೇಡಿ.

ಉಸಿರನ್ನು ಅವರಿಗೆ ಗೊತ್ತಾಗದ ಹಾಗೆ ಪೂರ್ತಿ ಒಂದು ನಿಮಿಷ ಎಣಿಸಬೇಕು. 24 ದಾಟಿದರೆ ಡಾಕ್ಟರಿಗೆ ಹೇಳಬೇಕು. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ಎರಡು ಸಲ ನೋಡಲಿ. 94ಕ್ಕಿಂತ ಇಳಿದರೆ ಡಾಕ್ಟರಿಗೆ ಫೋನ್. 92 ಅಥವಾ ಅದಕ್ಕಿಂತ ಕೆಳಗೆ ಬಂದರೆ, ಮಾತಿನ ಮಧ್ಯೆ ಉಸಿರಿಗಾಗಿ ನಿಲ್ಲುತ್ತಿದ್ದರೆ, ಎದೆ ನೋವೋ ಗೊಂದಲವೋ ಇದ್ದರೆ 108.

ನೆರೆಯವರು ಹಿಂಜರಿಯುವುದು ಅಲ್ಲೇ. ಮಗನನ್ನು ಕೇಳದೆ ಆಸ್ಪತ್ರೆಗೆ ಸೇರಿಸುವುದು ಹೇಗೆ, ಖರ್ಚು ಯಾರದು, ನಾಳೆ ಏನಂದಾರು ಎಂದು ಯೋಚಿಸುತ್ತಾ ಒಂದು ಗಂಟೆ ಕಳೆಯುತ್ತದೆ. ನೀನೇ ಬಾಯಿ ಬಿಟ್ಟು ಹೇಳಬೇಕು: ನನ್ನ ಫೋನಿಗೆ ಕಾಯಬೇಡಿ, ಮೊದಲು ಆಂಬುಲೆನ್ಸ್ ಕರೆಯಿರಿ, ಆಮೇಲೆ ನನಗೆ ತಿಳಿಸಿ ಎಂದು. ಐದು ಸಾವಿರ ರೂಪಾಯಿ ಅವರ ಕೈಯಲ್ಲಿರಲಿ. ಚೀಟಿಗಳು, ಆಧಾರ್, ಇನ್ಶೂರೆನ್ಸ್ ಕಾರ್ಡು ಇರುವ ಫೈಲು ಟಿವಿ ಪಕ್ಕದಲ್ಲಿರಲಿ, ಜೊತೆಗೆ ಯಾರು ಹೋಗುತ್ತಾರೆ ಎಂದೂ ಈಗಲೇ ಮಾತಾಡಿಕೊಳ್ಳಿ.

ನೀನು ಶನಿವಾರ ತಲುಪುವ ಹೊತ್ತಿಗೆ ಜ್ವರ ಇಳಿದಿರಬಹುದು. ಅಮ್ಮ ಎದ್ದು ಕೂತು ಕಾಫಿ ಕೇಳುತ್ತಾರೆ, ಎಲ್ಲರಿಗೂ ನಿರಾಳವಾಗುತ್ತದೆ, ಭಾನುವಾರ ರಾತ್ರಿಯ ಬಸ್ಸಿಗೆ ನೀನು ಹೊರಡುತ್ತೀಯ, ಸರದಿಯೂ ನಿಂತುಹೋಗುತ್ತದೆ. ನ್ಯುಮೋನಿಯಾ ಬರುವುದು ಅನೇಕ ಸಲ ಆಗಲೇ. ಫ್ಲೂ ಶ್ವಾಸನಾಳದ ಒಳಪದರವನ್ನು ಹಾಳುಮಾಡಿರುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಹೊಕ್ಕಲು ದಾರಿಯಾಗುತ್ತದೆ. ಒಂದೆರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ, ಚಳಿ, ಹಳದಿ ಕಫ ಬಂದರೆ ಉಳಿದ ಮಾತ್ರೆಯಲ್ಲೇ ನೋಡೋಣ ಎನ್ನದೆ ಅದೇ ದಿನ ತೋರಿಸಬೇಕು. ಅದಕ್ಕೇ ಭಾನುವಾರ ಹೊರಡುವ ಮೊದಲು, ಮುಂದಿನ ಗುರುವಾರದವರೆಗೆ ಯಾವ ಹೊತ್ತಿಗೆ ಯಾರು ಎಂದು ಬರೆದು, ಅವರೆಲ್ಲರ ನಂಬರುಗಳ ಸಹಿತ ಫ್ರಿಜ್ಜಿನ ಮೇಲೆ ಅಂಟಿಸಿ ಬಾ.