ಇಬ್ಬನಿ ರಾತ್ರಿಯ ಚಟಪಟ

ವಿದ್ಯುತ್ ಕಂಬದ ಚಟಪಟ ಸದ್ದು ಇಬ್ಬನಿ ಬಿದ್ದ ರಾತ್ರಿ ಮಾತ್ರ ಬರುತ್ತದೆ ಎಂದಿದ್ದೀರಿ. ಹಾಗಾದರೆ ನನ್ನ ಮೊದಲ ಅನುಮಾನ ಕೊಳೆಯ ಮೇಲೆ. ನಿಮ್ಮದು ಕುಂದಾಪುರದ ಕಡಲಂಚು. 11 ಕೆ.ವಿ. ಕಂಬದ ಪಿಂಗಾಣಿ ಇನ್ಸುಲೇಟರ್ ಮೇಲೆ ಕೂತ ಉಪ್ಪು ತೇವಕ್ಕೆ ಕರಗಿ, ಮೈಮೇಲೆ ಸಣ್ಣಗೆ ಕರೆಂಟ್ ಹರಿಯುತ್ತದೆ. ಆ ಬಿಸಿಗೆ ಅಲ್ಲಲ್ಲಿ ಒಣ ಪಟ್ಟಿಗಳಾಗಿ, ಅವನ್ನು ದಾಟುವಾಗ ಕಿಡಿ ಹಾರುತ್ತದೆ. ಜೋರು ಮಳೆ ತೊಳೆದ ಮೇಲೆ ಸದ್ದು ನಿಂತರೆ ಕೊಳೆಯೇ ಕಾರಣವೆನ್ನಬಹುದು. ಜಿನುಗು ಮಳೆ ತೊಳೆಯುವುದಿಲ್ಲ, ಒದ್ದೆ ಮಾಡುತ್ತದೆ ಅಷ್ಟೇ.

ಒಣ ಮಧ್ಯಾಹ್ನವೂ ಕೇಳಿಸಿದರೆ ಬಿರುಕೋ ಸಡಿಲಗೊಂಡ ಕಟ್ಟುತಂತಿಯೋ ಇರಬಹುದು. ಹಗಲಲ್ಲಿ ದೂರದಿಂದಲೇ ದುರ್ಬೀನು ಹಿಡಿದು ನೋಡಿ. ಪಾಲಿಮರ್ ಇನ್ಸುಲೇಟರ್ ಆಗಿದ್ದು ಕವಲೊಡೆದ ಕಪ್ಪು ಗೆರೆ ಕಂಡರೆ, ಅದು ಸುಟ್ಟು ಇಂಗಾಲವಾದ ದಾರಿ. ತೊಳೆದರೆ ಹೋಗದು, ಬದಲಿಸಲೇಬೇಕು. ಪಿಂಗಾಣಿಯಲ್ಲಿ ಹೆಚ್ಚಾಗಿ ಹೊಳಪು ಸುಟ್ಟ ಕಲೆ ಕಾಣುತ್ತದೆ. ನನಗೆ ಹೆಚ್ಚು ಭಯ ಬಿರುಕಿನದು. ನೀರು ಒಳಗಿಳಿದು ಪಿಂಗಾಣಿ ಒಳಗೇ ತೂತಾದರೆ ಕಬ್ಬಿಣದ ಕಂಬಕ್ಕೂ ಕರೆಂಟ್ ಬರಬಹುದು, ಹೊರಗೆ ಏನೂ ಕಾಣದೆಯೂ.

ಕಂಬ, ಸ್ಟೇ ತಂತಿ ಮುಟ್ಟಬೇಡಿ, ದನ ಕಟ್ಟಬೇಡಿ, ಪೈಪ್ ಹಿಡಿದು ನೀರು ಹಾರಿಸಲೇಬೇಡಿ. 1912ಕ್ಕೆ ಕರೆ ಮಾಡಿ ಕಂಬದ ನಂಬರು, ಸದ್ದು ಬರುವ ಹೊತ್ತು ಎರಡನ್ನೂ ಹೇಳಿ. ಲೈನ್‌ಮನ್ ಹಗಲು ಬಂದರೆ ಕೊಳೆಯ ಸದ್ದು ಅವರಿಗೆ ಕೇಳಿಸದು.