ಸರಿಯಿದ್ದ ಲೆಕ್ಕ ನಾನು ಮುಟ್ಟಿದೊಡನೆ ಕೆಡುತ್ತದೆ

ಪ್ರಶ್ನೆ: ನಾನು ಪ್ರಥಮ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಏಕವ್ಯಕ್ತಿ ವ್ಯಾಪಾರದ ಅಂತಿಮ ಲೆಕ್ಕಗಳ ಪಾಠ ಶುರುವಾದಾಗಿನಿಂದ ನೆಮ್ಮದಿಯಿಲ್ಲ. ಪುಸ್ತಕದಲ್ಲಿ ಕೊಟ್ಟ ತಾಳೆಪಟ್ಟಿ ಸರಿಯಾಗಿಯೇ ಇರುತ್ತದೆ. ಕೆಳಗಿನ ಹೊಂದಾಣಿಕೆಗಳನ್ನು ಮಾಡಿ ಮುಗಿಸುವಷ್ಟರಲ್ಲಿ ಬ್ಯಾಲೆನ್ಸ್ ಶೀಟಿನ ಎರಡು ಕಡೆ ಎರಡು ಮೊತ್ತ. ಯಾವುದನ್ನು ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಎಂದು ಬಾಯಿಪಾಠ ಮಾಡಿದ್ದೂ ಮರೆತುಹೋಗುತ್ತದೆ. ಕಿರುಪರೀಕ್ಷೆಯಲ್ಲಿ ಕೈ ನಡುಗಿ ಅರ್ಧಕ್ಕೇ ಎದ್ದು ಬಂದೆ. ನಮ್ಮಪ್ಪನದು ದಿನಸಿ ಅಂಗಡಿ. ‘ಅಂಗಡಿಯವನ ಮಗಳಿಗೆ ಲೆಕ್ಕ ಬರಲ್ವಾ?’ ಅಂತಾರೆ. ಕಾಮರ್ಸ್ ಬಿಟ್ಟುಬಿಡಲೇ?
– ಹೆಸರು, ಊರು ಬೇಡ

ಉತ್ತರ: ಎರಡು ಪುಟ ಬರೆದು ಕೊನೆಯಲ್ಲಿ ಮೊತ್ತ ತಾಳೆಯಾಗದೆ ಹೋದಾಗ, ಮಾಡಿದ್ದೆಲ್ಲ ತಪ್ಪೇನೋ ಎಂದು ಎದೆ ಧಸಕ್ಕೆನ್ನುವುದು ಸಹಜ. ಅದರ ಮೇಲೆ ಆ ಮಾತು ಬೇರೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದಕ್ಕೂ ಅಂತಿಮ ಲೆಕ್ಕ ಬರೆಯುವುದಕ್ಕೂ ಸಂಬಂಧ ಕಡಿಮೆ. ಇದನ್ನು ಯಾರೂ ಹುಟ್ಟುವಾಗ ಕಲಿತು ಬಂದಿರುವುದಿಲ್ಲ. ಕಾಮರ್ಸ್ ಬಿಡುವ ತೀರ್ಮಾನ ಸದ್ಯಕ್ಕೆ ಬೇಡ. ನೀವು ಬರೆದಿದ್ದನ್ನು ನೋಡಿದರೆ ನಿಮಗೆ ಲೆಕ್ಕ ಬರುವುದಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಹೊಂದಾಣಿಕೆ ಏಕೆ ಬೇಕು ಎಂಬುದನ್ನು ಬಿಟ್ಟು, ಎಲ್ಲಿ ಬರೆಯಬೇಕು ಎಂಬುದನ್ನಷ್ಟೇ ಬಾಯಿಪಾಠ ಮಾಡಿದ್ದೀರಿ. ಕೈ ನಡುಗುವಾಗ ಮೊದಲು ಮರೆಯುವುದು ಬಾಯಿಪಾಠವೇ.

ತಾಳೆಪಟ್ಟಿಯಲ್ಲಿರುವ ಪ್ರತಿ ಅಂಕಿಗೂ ಡೆಬಿಟ್, ಕ್ರೆಡಿಟ್ ಎರಡೂ ಆಗಲೇ ಮುಗಿದಿವೆ. ಹಾಗಾಗಿ ಆ ಅಂಕಿ ಅಂತಿಮ ಲೆಕ್ಕದಲ್ಲಿ ಒಂದೇ ಕಡೆ ಹೋಗುತ್ತದೆ. ಕೆಳಗೆ ಕೊಟ್ಟಿರುವ ಹೊಂದಾಣಿಕೆಗಳು ಮಾತ್ರ ಇನ್ನೂ ಪುಸ್ತಕಕ್ಕೆ ಏರದ ಸಂಗತಿಗಳು. ಅವುಗಳ ಎರಡೂ ಅರ್ಧವನ್ನು ನೀವೇ ಬರೆಯಬೇಕು. ನೀವು ಕಲಿಯಬೇಕಾದದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದನ್ನು ನಿಮ್ಮಪ್ಪನ ಅಂಗಡಿಯಂಥ ಒಂದು ಅಂಗಡಿಯನ್ನಿಟ್ಟುಕೊಂಡೇ ನೋಡೋಣ. ವರ್ಷ ಮುಗಿಯುವುದು 2025ರ ಮಾರ್ಚ್ 31ಕ್ಕೆ.

ಬಾಡಿಗೆ ತಿಂಗಳಿಗೆ 6,000 ರೂಪಾಯಿ. ತಾಳೆಪಟ್ಟಿಯಲ್ಲಿ 66,000 ಇದೆ, ಎಂದರೆ ಹನ್ನೊಂದು ತಿಂಗಳದು. ಮಾರ್ಚ್ ತಿಂಗಳ ಬಾಡಿಗೆ ಕೊಟ್ಟಿಲ್ಲ. ಕೊಡದಿದ್ದರೇನು, ಆ ತಿಂಗಳೂ ಅಂಗಡಿ ಬಾಗಿಲು ತೆರೆದಿತ್ತಲ್ಲ? ಆದ್ದರಿಂದ ಲಾಭ-ನಷ್ಟ ಖಾತೆಗೆ 72,000 ಹೋಗಬೇಕು. ಕಟ್ಟಡದ ಮಾಲೀಕರಿಗೆ ಕೊಡಬೇಕಾದ 6,000 ಹೊಣೆಗಾರಿಕೆಯ ಕಡೆ ಕೂರುತ್ತದೆ.

ವಿಮೆಯದು ಇದಕ್ಕೆ ತದ್ವಿರುದ್ಧ. 2024ರ ಜುಲೈ 1ರಂದು ಒಂದು ವರ್ಷಕ್ಕೆಂದು 12,000 ಕಟ್ಟಿದ್ದಾರೆ. ಮಾರ್ಚ್ ಕೊನೆಗೆ ಒಂಬತ್ತು ತಿಂಗಳು ಕಳೆದಿದೆ, ಮೂರು ತಿಂಗಳ ರಕ್ಷಣೆ ಇನ್ನೂ ಬಾಕಿಯಿದೆ. ಈ ವರ್ಷದ ಖರ್ಚು 9,000. ಉಳಿದ 3,000 ಮುಂಗಡ, ಅದು ಆಸ್ತಿ. ‘ದುಡ್ಡು ಹೋಗಿದೆಯಲ್ಲ, ಆಸ್ತಿ ಹೇಗೆ?’ ಎಂದು ಬಹಳ ಮಕ್ಕಳು ಕೇಳುತ್ತಾರೆ. ದುಡ್ಡು ಹೋದದ್ದು ನಿಜ, ಆದರೆ ಅದಕ್ಕೆ ಬದಲಾಗಿ ಬರಬೇಕಾದ ಸೇವೆ ಇನ್ನೂ ಬಂದಿಲ್ಲ.

ಹೆಚ್ಚು ಜನ ಎಡವುವುದು ಉದ್ರಿ ಸಾಲದಲ್ಲಿ, ಇದನ್ನು ನಿಧಾನವಾಗಿ ಓದಿ. ತಾಳೆಪಟ್ಟಿಯಲ್ಲಿ ಸಾಲಗಾರರು 83,000, ವಸೂಲಾಗದ ಸಾಲ 2,000, ಸಂಶಯಾಸ್ಪದ ಸಾಲಕ್ಕೆ ಹಿಂದಿನ ವರ್ಷ ತೆಗೆದಿಟ್ಟ ಮೀಸಲು 2,500. ಹೊಂದಾಣಿಕೆಯಲ್ಲಿ ಇನ್ನೂ 3,000 ವಸೂಲಾಗದೆಂದು ತೆಗೆದುಹಾಕಿ, ಉಳಿದ ಸಾಲದ ಮೇಲೆ ಶೇ 5ರಷ್ಟು ಮೀಸಲಿಡಿ ಎಂದಿದೆ. ಒಳಗಿನ 2,000ವನ್ನು ಸಾಲಗಾರರಿಂದ ಕಳೆಯಬೇಡಿ. ಅದನ್ನು ಕಳೆದ ಮೇಲೆಯೇ 83,000 ಉಳಿದಿರುವುದು. ಕೆಳಗಿನ 3,000ವನ್ನು ಮಾತ್ರ ಕಳೆಯಿರಿ, 80,000 ಆಯಿತು. ಅದರ ಶೇ 5 ಎಂದರೆ 4,000. ಬ್ಯಾಲೆನ್ಸ್ ಶೀಟಿನಲ್ಲಿ ಸಾಲಗಾರರು ನಿಲ್ಲುವುದು 76,000ಕ್ಕೆ. ಲಾಭ-ನಷ್ಟ ಖಾತೆಯಲ್ಲಿ 2,000, 3,000, 4,000 ಮೂರನ್ನೂ ಕೂಡಿ, ಹಳೆಯ ಮೀಸಲು 2,500 ಕಳೆದರೆ 6,500.

ಇಷ್ಟು ಮಾಡಿಯೂ ಮೊತ್ತ ತಾಳೆಯಾಗದಿದ್ದರೆ ಗಾಬರಿಯಾಗಿ ಎಲ್ಲವನ್ನೂ ಹೊಡೆದುಹಾಕಬೇಡಿ. ವ್ಯತ್ಯಾಸ ಎಷ್ಟು ಎಂದು ಬದಿಯಲ್ಲಿ ಬರೆದುಕೊಳ್ಳಿ, ತಪ್ಪು ಎಲ್ಲಿದೆಯೆಂದು ಹೇಳುವುದು ಆ ಅಂಕಿಯೇ. 3,000 ವ್ಯತ್ಯಾಸ ಬಂದು ಆಸ್ತಿ ಕಡಿಮೆಯಿದ್ದರೆ, ವಿಮೆಯನ್ನು ಖರ್ಚಿನಿಂದ ಕಳೆದು ಆಸ್ತಿಯಲ್ಲಿ ಬರೆಯಲು ಮರೆತಿರಬಹುದು. ಆಸ್ತಿ ಕಡೆ 2,000 ಕಡಿಮೆಯಾಗಿದ್ದರೆ ಒಳಗಿನ ವಸೂಲಾಗದ ಸಾಲವನ್ನು ಮತ್ತೊಮ್ಮೆ ಕಳೆದಿದ್ದೀರೋ ನೋಡಿ. ಯಾವ ಅಂಕಿಗೂ ಹೊಂದದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ನೋಡಿ, ಏಕೆಂದರೆ ತಪ್ಪು ಬದಿಗೆ ಬರೆದ ಅಂಕಿ ಎರಡರಷ್ಟು ವ್ಯತ್ಯಾಸ ತರುತ್ತದೆ. ನಮ್ಮ ಲೆಕ್ಕದಲ್ಲಿ ಮುಂಗಡ ವಿಮೆಯನ್ನು ಹೊಣೆಗಾರಿಕೆಯ ಕಡೆ ಬರೆದರೆ ಆ ಕಡೆ 6,000 ಹೆಚ್ಚು ಬರುತ್ತದೆ. ಬಾಕಿ ಬಾಡಿಗೆಯನ್ನು ಖರ್ಚಿಗೆ ಕೂಡಿ ಹೊಣೆಗಾರಿಕೆಯಲ್ಲಿ ಬಿಟ್ಟರೂ ವ್ಯತ್ಯಾಸ 6,000ವೇ, ಆದರೆ ಆಗ ಆ ಕಡೆ ಕಡಿಮೆಯಿರುತ್ತದೆ. ಆದ್ದರಿಂದ ಮೊತ್ತದ ಜೊತೆಗೆ ಯಾವ ಕಡೆ ಕಡಿಮೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಇನ್ನೊಂದು ಮಾತು, ಇದು ಲೆಕ್ಕ ತಾಳೆಯಾದ ಖುಷಿಯಲ್ಲಿರುವ ನಿಮ್ಮ ಸಹಪಾಠಿಗಳಿಗೂ ಸೇರಿ. ತಾಳೆಯಾದ ಮಾತ್ರಕ್ಕೆ ಉತ್ತರ ಸರಿ ಎನ್ನಲಾಗದು. ಮೀಸಲನ್ನು 80,000ದ ಬದಲು 83,000ದ ಮೇಲೆ ಹಾಕಿ, ಬಂದ 4,150ನ್ನು ಎರಡೂ ಕಡೆ ಬರೆದರೆ ಬ್ಯಾಲೆನ್ಸ್ ಶೀಟ್ ಸಲೀಸಾಗಿ ಕೂಡುತ್ತದೆ, ಲಾಭ ಮಾತ್ರ 150 ಕಡಿಮೆ ಬಂದಿರುತ್ತದೆ. ಒಂದು ಹೊಂದಾಣಿಕೆಯನ್ನು ಪೂರ್ತಿ ಮರೆತರೂ ಅಷ್ಟೇ. ಅದಕ್ಕೇ ಲೆಕ್ಕ ಶುರುಮಾಡುವ ಮೊದಲೇ ಪೆನ್ಸಿಲ್ ಹಿಡಿದು ಪ್ರತಿ ಹೊಂದಾಣಿಕೆಯ ಪಕ್ಕ ಎರಡು ಪುಟ್ಟ ಚೌಕ ಹಾಕಿ. ಒಂದು ಕಡೆ ಬರೆದಾಗ ಒಂದಕ್ಕೆ ಟಿಕ್, ಇನ್ನೊಂದು ಕಡೆ ಬರೆದಾಗ ಇನ್ನೊಂದಕ್ಕೆ. ಖಾಲಿ ಚೌಕ ಉಳಿದಿದ್ದರೆ ಕೂಡುವ ಮೊದಲೇ ಕಣ್ಣಿಗೆ ಬೀಳುತ್ತದೆ. ಮೊದಲ ವಾರ ಒಂದೊಂದೇ ಹೊಂದಾಣಿಕೆಯಿರುವ ಸಣ್ಣ ಲೆಕ್ಕ ಮಾಡಿ, ಆಮೇಲೆ ಮೂರನ್ನೂ ಸೇರಿಸಿ.

ಪರೀಕ್ಷೆಯಲ್ಲಿ ತಾಳೆಯಾಗದಿದ್ದರೂ ಎದ್ದು ಬರಬೇಡಿ, ಸರಿಯಾಗಿ ಬರೆದ ಭಾಗಗಳಿಗೆ ಅಂಕ ಸಿಗುತ್ತದೆ. ತಪ್ಪಾದ ಲೆಕ್ಕವನ್ನು ಹರಿದು ಹಾಕದೆ ಉಪನ್ಯಾಸಕರ ಮುಂದಿಡಿ, ‘ಇಷ್ಟು ವ್ಯತ್ಯಾಸ ಬರ್ತಿದೆ ಸರ್’ ಎಂದು ಕೇಳಿ. ತಪ್ಪು ಎದುರಿಗಿದ್ದರೆ ಅವರಿಗೂ ತೋರಿಸಿಕೊಡುವುದು ಸುಲಭ. ಅಪ್ಪನನ್ನೂ ಒಂದು ಸಂಜೆ ಕೂರಿಸಿಕೊಂಡು, ಉದ್ರಿ ಪುಸ್ತಕದಲ್ಲಿ ಇನ್ನು ಬಾರದೆನಿಸುವ ಬಾಕಿ ಯಾವುದು, ಏಕೆ ಎಂದು ಕೇಳಿ. ಮಗಳಿಗೆ ಲೆಕ್ಕ ಬರಲಿ ಎಂಬ ಆಸೆ ಅವರಿಗೂ ಇದ್ದೇ ಇರುತ್ತದೆ.

ಕೈ ನಡುಗುವುದು ಬೇರೆ ವಿಷಯಗಳ ಪರೀಕ್ಷೆಗೂ ಹಬ್ಬಿದರೆ, ನಿದ್ದೆ-ಊಟ ತಪ್ಪತೊಡಗಿದರೆ, ಅದು ಅಕೌಂಟೆನ್ಸಿಗೆ ಸೇರಿದ ಸಮಸ್ಯೆಯಲ್ಲ. ಮನೆಯಲ್ಲಿ ಹೇಳಿ, ಕಾಲೇಜಿನಲ್ಲಿ ನಂಬಿಕೆಯಿರುವ ಉಪನ್ಯಾಸಕರಿಗೆ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.